ಅವ್ವನ ಜನವರಿ ಒಂದು

ಆಧಾರ್ ಪ್ರಕಾರ ಜನವರಿ 1 ನಮ್ಮವ್ವನ ಹುಟ್ಟುಹಬ್ಬ. ನಿಜವಾದ ದಿನ ಯಾರಿಗೂ ಗೊತ್ತಿಲ್ಲ. ಸವಳಂಗ ರಸ್ತೆಯ ಮನೆ ಮುಂದೆ ಫೋಟೋ ತೆಗೆದು, ಕೆಳಗೆ ಹಾಕೋಕೆ ಎರಡು ಸಾಲು ಬರೆಯಲು ಕೂತೆ.

‘ಹುಟ್ಟಿದ ದಿನಾಂಕ ಬರೆದವರಿಲ್ಲ.’ ನಾಲ್ಕು ನಾಲ್ಕು ಮಾತ್ರೆಗೊಂದು ಚಪ್ಪಾಳೆ ಹಾಕಿದೆ. ಲೆಕ್ಕ ಸರಿ, ಆದರೂ ‘ದಿನಾಂಕ’ದಲ್ಲಿ ನಾಲಿಗೆ ಎಡವಿತು, ಎಳೆಯಬೇಕಾದ ‘ನಾಂ’ ಗಣದ ನಟ್ಟನಡುವೆ ಕೂತಿತ್ತು. ‘ದಿನವನು’ ಅಂದೆ, ಸರಾಗ ಆಯ್ತು. (ಅದು ನಮ್ಮ ಆಫೀಸಿನ ಪದ, ಹೋಗಲಿ ಬಿಡಿ.) ಎರಡನೇ ಸಾಲು: ‘ಕೂಲಿಯ ದಿನಗಳ ಎಣಿಸಿದರೆಲ್ಲ.’

ಅವ್ವನಿಗೆ ಓದಿದೆ.

“ಯಾರಪ್ಪ ಎಣಿಸಿದ್ದು? ಅವರು ಎರಡು ದಿನ ಕಮ್ಮಿನೇ ಹೇಳೋರು. ಇದ್ದಿಲಲ್ಲಿ ಗೋಡೆಗೆ ಗೀರು ಹಾಕ್ತಿದ್ದೋಳು ನಾನು.”

ಕೊನೆಯ ಪದ ತಿದ್ದಿದೆ. ಮಾತ್ರೆ, ಪ್ರಾಸ ಹಾಗೇ ಉಳಿದವು:

ಹುಟ್ಟಿದ ದಿನವನು ಬರೆದವರಿಲ್ಲ,
ಕೂಲಿಯ ದಿನಗಳ ಮರೆತವಳಲ್ಲ.