ಸ್ಪ್ರಿಂಗಿಗೆ ಗುದ್ದಿದ ಕಾರಿನ ಲೆಕ್ಕ

ಪಿಯುಸಿಯಲ್ಲಿ ಸೈನ್ಸ್ ತಗೊಂಡವರಿಗೆ ಈ ಕಾರು ನೆನಪಿರಬಹುದು. ಎನ್‌ಸಿಇಆರ್‌ಟಿಯ ಹನ್ನೊಂದನೇ ಕ್ಲಾಸಿನ ಫಿಸಿಕ್ಸ್ ಪುಸ್ತಕದಲ್ಲಿ ಬರುತ್ತೆ. 1000 ಕೆಜಿಯ ಕಾರು, ಗಂಟೆಗೆ 18 ಕಿಲೋಮೀಟರ್ ವೇಗ. ಎದುರಿಗೆ ನೆಲಕ್ಕೆ ಸಮಾನಾಂತರವಾಗಿ ಕೂರಿಸಿದ ಒಂದು ಸ್ಪ್ರಿಂಗ್. ಅದನ್ನು ಒಂದು ಮೀಟರ್ ಅದುಮೋಕೆ 6250 ನ್ಯೂಟನ್ ಬಲ ಬೇಕು. ಕಾರು ಬಂದು ಗುದ್ದಿದರೆ ಸ್ಪ್ರಿಂಗ್ ಎಷ್ಟು ಒಳಗೆ ಹೋಗುತ್ತೆ ಅನ್ನೋದು ಪ್ರಶ್ನೆ. ನುಣುಪಾದ ರಸ್ತೆಯಾದರೆ ಉತ್ತರ ಸರಿಯಾಗಿ 2 ಮೀಟರ್. ಅದರ ಬೆನ್ನಿಗೇ ಪುಸ್ತಕ ಇನ್ನೊಂದು ಲೆಕ್ಕ ಕೊಡುತ್ತೆ: ಅದೇ ಕಾರು, ಅದೇ ಸ್ಪ್ರಿಂಗ್, ಆದರೆ ರಸ್ತೆಗೆ ಘರ್ಷಣೆ ಇದೆ, ಗುಣಾಂಕ 0.5. ಆಗ ಉತ್ತರ 1.35 ಮೀಟರ್.

ಈ ಎರಡನೇ ಲೆಕ್ಕದಲ್ಲಿ ಪುಸ್ತಕ ದಾರಿ ಬದಲಿಸುತ್ತೆ. ಮೊದಲನೆಯದಕ್ಕೆ ಯಾಂತ್ರಿಕ ಶಕ್ತಿಯ ಸಂರಕ್ಷಣೆ ಸಾಕಿತ್ತು. ಘರ್ಷಣೆ ಬಂದ ಕೂಡಲೇ ಅದನ್ನು ಪಕ್ಕಕ್ಕಿಟ್ಟು ಕಾರ್ಯ-ಶಕ್ತಿ ಪ್ರಮೇಯ, ಅಂದರೆ ವರ್ಕ್-ಎನರ್ಜಿ ಥಿಯರಮ್ ಹಿಡಿಯುತ್ತೆ. ಪುಸ್ತಕ ಹೇಳಿದ್ದು ತಪ್ಪಲ್ಲ. ಆದರೆ ಅದನ್ನು ಓದಿದ ಮೇಷ್ಟ್ರುಗಳಲ್ಲಿ ಕೆಲವರು ಅದನ್ನೊಂದು ಮಡಿ-ಮೈಲಿಗೆಯ ನಿಯಮ ಮಾಡಿಬಿಡುತ್ತಾರೆ. "ಘರ್ಷಣೆ ಇದ್ದರೆ ಎನರ್ಜಿ ಕನ್ಸರ್ವೇಶನ್ ಮುಟ್ಟಬಾರದು" ಅಂತ.

ನನ್ನ ಅಕ್ಕನ ಮಗ ಫಸ್ಟ್ ಪಿಯುಸಿ. ಊರಿಂದ ದಿನಾ ಬಸ್ಸಲ್ಲಿ ತಾಲ್ಲೂಕಿಗೆ ಹೋಗಿ ಬರ್ತಾನೆ, ಸಂಜೆ ಅಲ್ಲೇ ಟ್ಯೂಶನ್. ಒಂದು ಟೆಸ್ಟಲ್ಲಿ ಇದೇ ಕಾರಿನ ಲೆಕ್ಕ ಬಂದಿತ್ತು. ಇವನು ಒಂದೇ ಸಾಲಲ್ಲಿ ಹೀಗೆ ಬರೆದಿದ್ದ:

½mv² = ½kx² + μmgx

ಬಂದ ಉತ್ತರ 1.35. ಆದರೂ ಎರಡು ಮಾರ್ಕ್ಸ್ ಕಟ್. ಪಕ್ಕದಲ್ಲಿ ಕೆಂಪಿಂಕಲ್ಲಿ "ಮೆಥಡ್ ತಪ್ಪು, ಥಿಯರಮ್ ಹಾಕಬೇಕು" ಅಂತ ಷರಾ. ಎರಡು ಮಾರ್ಕ್ಸಿನದು ದೊಡ್ಡ ವಿಷಯ ಅಲ್ಲ. ಮುಂದಿನ ಟೆಸ್ಟಿಗೆ ಹುಡುಗ ಏನು ಮಾಡಿದ ಅನ್ನೋದು ವಿಷಯ. ಇಬ್ಬರನ್ನೂ ಸಮಾಧಾನ ಮಾಡೋಣ ಅಂತ ಸಂರಕ್ಷಣೆಯನ್ನೂ ಬರೆದ, ಥಿಯರಮ್ಮನ್ನೂ ಬರೆದ, ಒಂದೇ ಸಮೀಕರಣದಲ್ಲಿ. ಉತ್ತರ 1.07 ಬಂತು. ಭಾನುವಾರ ಫೋನ್ ಮಾಡಿ, "ಮಾಮ, ನಂಗೆ ಫಿಸಿಕ್ಸ್ ಆಗಲ್ಲ, ಕಾಮರ್ಸಿಗೆ ಹಾಕ್ಸು ಅಂತ ಅಮ್ಮಂಗೆ ನೀನೇ ಹೇಳು" ಅಂದ. ಸರಿಯಾಗಿ ಯೋಚಿಸಿದ್ದ ಹುಡುಗನನ್ನು ಕೆಂಪಿಂಕು ತಪ್ಪಿನ ಕಡೆಗೆ ತಳ್ಳಿತ್ತು. ಸಿಟ್ಟು ಬಂತು. ಆದರೆ ಸಿಟ್ಟಿನಿಂದ 1.07 ಸರಿಹೋಗಲ್ಲವಲ್ಲ.

"ಮೊದಲು ಹೇಳು, ನೀನು ಯಾರ ಲೆಕ್ಕ ಬರೀತಿದ್ದೀಯ? ಜೇಬಿನದ್ದಾ, ಮನೆಯದ್ದಾ?" ಅಂದೆ. ಅವನಿಗೆ ಅರ್ಥ ಆಗಲಿಲ್ಲ. ಅಮ್ಮ ಕೊಟ್ಟ ಸಾವಿರ ರೂಪಾಯಲ್ಲಿ ಏಳ್ನೂರು ಪೋಸ್ಟಾಫೀಸಿನ ಉಳಿತಾಯ ಖಾತೆಗೆ ಹಾಕಿದೆ, ಮುನ್ನೂರು ಬಸ್ ಚಾರ್ಜಿಗೆ ಹೋಯ್ತು ಅಂದುಕೋ. ಜೇಬಿನ ಲೆಕ್ಕ ಬರೆದರೆ ಎರಡೂ ಖರ್ಚು. ಸಾವಿರ ಇತ್ತು, ಸಾವಿರ ಹೋಯ್ತು, ಜೇಬು ಖಾಲಿ. ಮನೆಯ ಲೆಕ್ಕ ಬರೆದರೆ ಏಳ್ನೂರು ಖರ್ಚಲ್ಲ, ಪಾಸ್‌ಬುಕ್ಕಲ್ಲಿ ಇದೆ. ಮುನ್ನೂರು ಮಾತ್ರ ಹೊರಗೆ ಹೋಗಿದೆ. ಯಾವ ಲೆಕ್ಕ ಬರೆದರೂ ಸರಿ. ಆದರೆ ಅದೇ ಏಳ್ನೂರನ್ನು ಖರ್ಚಿನ ಕಡೆ ಒಂದು ಸಲ, ಉಳಿತಾಯದ ಕಡೆ ಇನ್ನೊಂದು ಸಲ ಬರೆದರೆ ಅಮ್ಮ ಕೇಳದೇ ಬಿಡ್ತಾಳಾ?

ಕಾರಿನದ್ದೂ ಇದೇ. ಕಾರ್ಯ-ಶಕ್ತಿ ಪ್ರಮೇಯ ಅನ್ನೋದು ಕಾರಿನ ಜೇಬಿನ ಲೆಕ್ಕ. ಅಲ್ಲಿರೋದು ಚಲನಶಕ್ತಿ ಒಂದೇ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಅದು 12,500 ಜೂಲ್. ಅದನ್ನು ಸ್ಪ್ರಿಂಗ್ ಕೂಡ ಕಿತ್ಕೊಳ್ಳುತ್ತೆ, ರಸ್ತೆ ಕೂಡ ಕಿತ್ಕೊಳ್ಳುತ್ತೆ. ಸ್ಪ್ರಿಂಗ್ ಮಾಡಿದ ಕೆಲಸ −½kx², ಘರ್ಷಣೆ ಮಾಡಿದ ಕೆಲಸ −μmgx, ಎರಡೂ ಸೇರಿ −12,500. ಪ್ರಚ್ಛನ್ನ ಶಕ್ತಿ, ಅಂದರೆ ಪೊಟೆನ್ಷಿಯಲ್ ಎನರ್ಜಿ ಅನ್ನೋ ಮಾತೇ ಈ ಲೆಕ್ಕದಲ್ಲಿಲ್ಲ. ಎರಡನೇ ದಾರಿಯಲ್ಲಿ ಕಾರು ಮತ್ತು ಸ್ಪ್ರಿಂಗ್ ಒಂದೇ ಮನೆ. ಆಗ ½kx² ಖರ್ಚಲ್ಲ, ಮನೆಯೊಳಗಿನ ಉಳಿತಾಯ. ಸ್ಪ್ರಿಂಗ್ "ಕೆಲಸ ಮಾಡಿತು" ಅಂತ ಇಲ್ಲಿ ಬರೆಯೋ ಹಾಗಿಲ್ಲ. ಹೊರಗೆ ಹೋಗೋದು ಘರ್ಷಣೆಯ μmgx ಮಾತ್ರ. ಎರಡರಲ್ಲೂ ಪದಗಳನ್ನು ಆಚೆ ಈಚೆ ಸರಿಸಿದರೆ ನಮ್ಮ ಹುಡುಗ ಮೊದಲು ಬರೆದ ಸಾಲೇ ಸಿಗುತ್ತೆ. ಘರ್ಷಣೆಯ ಪಾಲನ್ನು ಬಿಡದೆ ಬರೆದಿದ್ದ, ಹಾಗಾಗಿ ಅವನ ವಿಧಾನ ಸರಿಯಾಗೇ ಇತ್ತು. ಘರ್ಷಣೆ ಇದ್ದಾಗ ಕೆಡೋದು ½mv² = ½kx² ಅನ್ನೋ ಚಿಕ್ಕ ಸಾಲು, ಶಕ್ತಿ ಸಂರಕ್ಷಣೆಯಲ್ಲ.

ಹಾಗಾದರೆ 1.07 ಎಲ್ಲಿಂದ ಬಂತು? ಇವನು ಎಡಗಡೆ ಚಲನಶಕ್ತಿಯ ಬದಲಾವಣೆ ಜೊತೆಗೆ ಪ್ರಚ್ಛನ್ನ ಶಕ್ತಿಯ ಬದಲಾವಣೆ ಬರೆದು, ಬಲಗಡೆ ಘರ್ಷಣೆಯ ಕೆಲಸದ ಜೊತೆ ಸ್ಪ್ರಿಂಗಿನ ಕೆಲಸವನ್ನೂ ಹಾಕಿದ್ದ:

−½mv² + ½kx² = −½kx² − μmgx

ಇಂಥ ತಪ್ಪನ್ನು ಹಿಡಿಯೋಕೆ ಉತ್ತರದ ಹಾಳೆ ಬೇಕಿಲ್ಲ. ಬಂದ x ಇಟ್ಟುಕೊಂಡು ಜೂಲ್‌ಗಳನ್ನು ಎಣಿಸಿದರೆ ಸಾಕು. 1.07 ಮೀಟರ್ ಒತ್ತಿದ ಸ್ಪ್ರಿಂಗಲ್ಲಿ ಸುಮಾರು 3,576 ಜೂಲ್ ಇರುತ್ತೆ. ಘರ್ಷಣೆಯ ಬಲ 5,000 ನ್ಯೂಟನ್, ಅದು ತಿಂದಿದ್ದು ಸುಮಾರು 5,348. ಒಟ್ಟು 8,924. ಬಂದಿದ್ದು 12,500. ಉಳಿದ 3,576 ಎಲ್ಲಿ ಹೋಯ್ತು? ಕಳೆದುಹೋದ ಮೊತ್ತ ಸ್ಪ್ರಿಂಗಲ್ಲಿರೋ ಮೊತ್ತಕ್ಕೇ ಸಮ ಇದೆ ನೋಡಿ. ಎರಡು ಸಲ ಬರೆದವರ ಲೆಕ್ಕದಲ್ಲಿ ಯಾವಾಗಲೂ ಹೀಗೇ ಆಗುತ್ತೆ. ಇದನ್ನು ಅವನೇ ಕ್ಯಾಲ್ಕ್ಯುಲೇಟರಲ್ಲಿ ಒತ್ತಿ ನೋಡಿ, "ಓ… ಪಾಸ್‌ಬುಕ್ಕು" ಅಂದ.

ಆಮೇಲೆ ಅವನೇ ಒಂದು ಒಳ್ಳೆ ಪ್ರಶ್ನೆ ಕೇಳಿದ. ಸ್ಪ್ರಿಂಗಿಗೆ ಪಾಸ್‌ಬುಕ್ ಇದ್ದ ಮೇಲೆ ಘರ್ಷಣೆಗೆ ಯಾಕಿಲ್ಲ? ಉತ್ತರ ಅವನ ಬಸ್ಸಲ್ಲೇ ಇದೆ. ಊರಿಂದ ಹೋಗಿ ಊರಿಗೇ ವಾಪಸ್ ಬಂದರೆ ಕಂಡಕ್ಟರ್ "ಇದ್ದಲ್ಲೇ ಇದ್ದೀಯಲ್ಲ" ಅಂತ ದುಡ್ಡು ವಾಪಸ್ ಕೊಡಲ್ಲ, ಎರಡು ಟಿಕೆಟ್ ತಗೋತಾನೆ. ಸ್ಪ್ರಿಂಗ್ ಹಾಗಲ್ಲ. ಹೋಗುವಾಗ ಕಿತ್ಕೊಂಡಿದ್ದನ್ನು ಬರುವಾಗ ಪೂರ್ತಿ ಕೊಡುತ್ತೆ. ಕಾರು ಎಲ್ಲಿದೆ ಅಂತ ಹೇಳಿದರೆ ಸಾಕು, ಸ್ಪ್ರಿಂಗಲ್ಲಿ ಎಷ್ಟಿದೆ ಅಂತ ಹೇಳಬಹುದು. ಘರ್ಷಣೆಗೆ ಜಾಗ ಹೇಳಿದರೆ ಸಾಲದು, ಎಷ್ಟು ದೂರ ಉಜ್ಜಿಕೊಂಡು ಬಂದೆ ಅಂತಲೂ ಹೇಳಬೇಕು. ಕಾರಿನ ದಿಕ್ಕು ತಿರುಗಿದರೆ ಘರ್ಷಣೆಯೂ ತಿರುಗಿ ನಿಲ್ಲುತ್ತೆ, ಹಾಗಾಗಿ ಎರಡೂ ದಾರಿಯಲ್ಲಿ ಅದರ ಕೆಲಸ ಮೈನಸ್ಸೇ.

ಪುಸ್ತಕ 1.35ಕ್ಕೆ ನಿಲ್ಲಿಸುತ್ತೆ. ನನಗೆ ಈ ಲೆಕ್ಕದಲ್ಲಿ ರುಚಿ ಹತ್ತೋದೇ ಅಲ್ಲಿಂದ. "ಈಗ ಕಾರು ಏನ್ಮಾಡುತ್ತೆ ಹೇಳು" ಅಂದೆ.

"ಸ್ಪ್ರಿಂಗ್ ತಳ್ಳುತ್ತೆ, ವಾಪಸ್ ಹೋಗುತ್ತೆ."

ಹೋಗುತ್ತಾ? ಇದನ್ನು ಎನರ್ಜಿ ಲೆಕ್ಕ ಹೇಳಲ್ಲ, ಬಲ ನೋಡಬೇಕು. 1.354 ಮೀಟರ್ ಒತ್ತಿದಾಗ ಸ್ಪ್ರಿಂಗ್ ತಳ್ಳೋದು ಸುಮಾರು 8,460 ನ್ಯೂಟನ್. ನಿಂತ ಕಾರನ್ನು ರಸ್ತೆ ಹಿಡಿದಿಟ್ಟುಕೊಳ್ಳುವ ಗುಣಾಂಕವೂ 0.5ರ ಹತ್ತಿರವೇ ಅಂದುಕೊಂಡರೆ, ರಸ್ತೆ ತಡೆಯಬಲ್ಲದ್ದು 5,000. ಹಾಗಾಗಿ ಹೊರಡುತ್ತೆ, ಸರಿ. ಸ್ಪ್ರಿಂಗಿನ ತಳ್ಳುವಿಕೆ ಆ 5,000ಕ್ಕಿಂತ ಕಡಿಮೆ ಇದ್ದಿದ್ದರೆ ಒಳಗೆಷ್ಟೇ ಜೂಲ್ ಇದ್ದರೂ ಕಾರು ಅಲ್ಲೇ ಕಚ್ಚಿಕೊಂಡು ನಿಲ್ಲುತ್ತಿತ್ತು.

ಹೊರಟ ಮೇಲೆ ಸ್ಪ್ರಿಂಗ್ ಬಿಟ್ಟು ಆಚೆ ಹೋಗುತ್ತಾ? ಈಗ ಎನರ್ಜಿ ಲೆಕ್ಕಕ್ಕೆ ಬರೋಣ. ಸ್ಪ್ರಿಂಗಲ್ಲಿ ಇರೋದು ಸುಮಾರು 5,730 ಜೂಲ್. ಅಷ್ಟೂ ದೂರ ವಾಪಸ್ ಉಜ್ಜಿಕೊಂಡು ಬರೋಕೆ ಬೇಕಾಗೋದು 6,770. ದುಡ್ಡು ಸಾಲಲ್ಲ, ಕಾರು ದಾರಿಯಲ್ಲೇ ನಿಲ್ಲುತ್ತೆ. ಎಲ್ಲಿ? ವಾಪಸ್ ಬಂದ ದೂರ d ಅಂದರೆ, ಸ್ಪ್ರಿಂಗ್ ಬಿಟ್ಟುಕೊಟ್ಟ ಶಕ್ತಿ ಪೂರ್ತಿ ಘರ್ಷಣೆಗೆ ಹೋಗಬೇಕು:

½kx² − ½k(x − d)² = μmgd

ಬಿಡಿಸಿದರೆ d ಸುಮಾರು 1.11 ಮೀಟರ್. ಅಂದರೆ ಸ್ಪ್ರಿಂಗ್ ಇನ್ನೂ ಸುಮಾರು 25 ಸೆಂಟಿಮೀಟರ್ ಒತ್ತಿಕೊಂಡೇ ಇರುವಾಗ ಕಾರು ನಿಂತುಬಿಡುತ್ತೆ. ಅಲ್ಲಿ ಸ್ಪ್ರಿಂಗಿನ ಬಲ 1,540 ನ್ಯೂಟನ್ ಅಷ್ಟೇ, ರಸ್ತೆಯ ಹಿಡಿತ ದಾಟಲ್ಲ. ಕೊನೆಗೆ ಮತ್ತೆ ಎಣಿಸಿ ನೋಡಬಹುದು. ಒಳಗೆ 1.35, ಹೊರಗೆ 1.11, ಒಟ್ಟು 2.46 ಮೀಟರಿನ ಟಿಕೆಟ್ ಸುಮಾರು 12,310 ಜೂಲ್. ಸ್ಪ್ರಿಂಗಲ್ಲಿ ಉಳಿದಿದ್ದು 190. ಸೇರಿಸಿದರೆ 12,500.

ಇಲ್ಲೊಂದು ಕಡೆ ಮಾತ್ರ ಎರಡು ಲೆಕ್ಕಗಳ ನಡುವೆ ನಿಜವಾದ ವ್ಯತ್ಯಾಸ ಇದೆ. ಜೇಬಿನ ಲೆಕ್ಕ 12,310 ಹೋಯ್ತು ಅಂತಷ್ಟೇ ಹೇಳುತ್ತೆ. ಯಾರ ಮನೆಗೆ ಹೋಯ್ತು ಅಂತ ಹೇಳಲ್ಲ. ಅದು ಬಿಸಿಯಾಗಿ ಟೈರಿಗೂ ರಸ್ತೆಗೂ ಹಂಚಿಹೋಗಿರುತ್ತೆ, ಯಾರಿಗೆಷ್ಟು ಅನ್ನೋದು μ, m, g ಯಾವುದರಿಂದಲೂ ಗೊತ್ತಾಗಲ್ಲ. ಸಂರಕ್ಷಣೆಯನ್ನು ಪೂರ್ತಿ ಬರೆಯಬೇಕಾದರೆ ರಸ್ತೆಯನ್ನೂ ಮನೆಯೊಳಗೆ ಸೇರಿಸ್ಕೋಬೇಕು. 1984ರಲ್ಲಿ ಶೆರ್ವುಡ್ ಮತ್ತು ಬರ್ನಾರ್ಡ್ ಅನ್ನೋ ಇಬ್ಬರು ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸಲ್ಲಿ ಇದರ ಬಗ್ಗೆಯೇ ಬರೆದರು. ಉಜ್ಜುವ ಮೈಗಳ ಸಣ್ಣ ಸಣ್ಣ ಉಬ್ಬುಗಳು ಬಾಗಿ, ಸವೆದು, ಬಿಸಿಯಾಗುವುದರಿಂದ, ಬಲವನ್ನು ಇಡೀ ವಸ್ತು ಸರಿದ ದೂರದಿಂದ ಗುಣಿಸಿದ್ದು ಘರ್ಷಣೆ ನಿಜವಾಗಿ ಮಾಡಿದ ಕೆಲಸಕ್ಕೆ ಸಮ ಆಗಬೇಕಿಲ್ಲ ಅಂತ. ಕಾರಿನ ವೇಗ ಕಂಡುಹಿಡಿಯೋಕೆ μmgx ಸಾಕು. ಟೈರ್ ಎಷ್ಟು ಬಿಸಿಯಾಯ್ತು ಅಂತ ಕೇಳಿದರೆ ಸಾಲದು. ಪಿಯುಸಿಯಲ್ಲಿ ಇದನ್ನು ಯಾರೂ ಕೇಳಲ್ಲ, ಒಳ್ಳೇದೇ ಆಯ್ತು.

ಇನ್ನೊಂದು ವಿಷಯ, ಕಾರು ಓಡಿಸೋರಿಗೆ. ಪುಸ್ತಕದ 0.5 ಅನ್ನೋದು ಚಕ್ರ ಉರುಳುವ ಕಾರಿನದ್ದಲ್ಲ. ಬ್ರೇಕ್ ಒತ್ತಿ, ಚಕ್ರ ಲಾಕಾಗಿ, ಟೈರು ಉಜ್ಜಿಕೊಂಡು ಹೋಗುವ ಕಾರಿನದ್ದು. ಉರುಳುವಾಗ ತಡೆ ಇದರ ಎಷ್ಟೋ ಪಾಲು ಕಡಿಮೆ.

ಇದನ್ನು ಹೇಳಿದ್ದಕ್ಕೇ ಹುಡುಗ ಕೊನೆಗೆ ಕೇಳಿದ, "ಹಂಗಾದ್ರೆ ಮಾಮ, ಕಾರು ನಿಂತ್ಮೇಲೆ ಡ್ರೈವರ್ ಬ್ರೇಕ್ ಬಿಟ್ರೆ?"

ಆ 190 ಜೂಲ್ ಅಲ್ಲೇ ಕಾಯ್ತಾ ಇರುತ್ತಲ್ಲ. ಸ್ಪ್ರಿಂಗ್ ಅದನ್ನು ಕಾರಿಗೆ ವಾಪಸ್ ಕೊಡುತ್ತೆ, ಉರುಳುವ ತಡೆಯನ್ನು ಬಿಟ್ಟರೆ ಕಾರು ಗಂಟೆಗೆ ಎರಡು ಕಿಲೋಮೀಟರ್ ಚಿಲ್ಲರೆ ವೇಗದಲ್ಲಿ ಮೆಲ್ಲಗೆ ಹಿಂದಕ್ಕೆ ಉರುಳುತ್ತೆ. ಅವನೇ ಲೆಕ್ಕ ಮಾಡಿ ಹೇಳಿದ, ಸೆಕೆಂಡಿಗೆ 0.61 ಮೀಟರ್ ಅಂತ. ಯಾವ ವಿಧಾನದಲ್ಲಿ ಮಾಡಿದ ಅಂತ ನಾನು ಕೇಳಲಿಲ್ಲ.