ಉದ್ದಿನಕಾಳಿನಷ್ಟು ಮುಖ

ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿರುವವನಿಗೆ ನೃತ್ಯಕ್ಕೂ ತನಗೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ಸಂಬಂಧ ಇಷ್ಟೇ: ನನ್ನ ಮಗಳು ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಕುಣಿಯುವ ಎಂಟು ಹುಡುಗಿಯರಲ್ಲಿ ಒಬ್ಬಳು, ನನ್ನ ಬಳಿ ಸುಮಾರಾದ ಕ್ಯಾಮರಾ ಇರುವ ಒಂದು ಮೊಬೈಲು ಇದೆ. ಇವೆರಡು ಕಾರಣಗಳಿಗಾಗಿ, ಕಳೆದ ನವೆಂಬರಿನಲ್ಲಿ ಉಡುಪು ತೊಟ್ಟು ಬಣ್ಣ ಹಚ್ಚಿ ನಡೆಸುವ ಕೊನೆಯ ತಾಲೀಮಿನ ದಿನ, ನೃತ್ಯದ ಟೀಚರಮ್ಮನವರು ನನ್ನನ್ನು ಹಿಡಿದರು.

“ನೀವು ಫೋಟೋ ತೆಗೆದುಕೊಡಿ. ನಾನು ತಾಳ ಹಾಕುತ್ತ ಕೂತಿರುತ್ತೇನೆ, ವೇಷ ಹೇಗೆ ಕಾಣುತ್ತದೆಂದು ನನಗೆ ತಿಳಿಯುವುದಿಲ್ಲ. ತಪ್ಪಿದ್ದರೆ ತಿದ್ದಲು ನಡುವೆ ಒಂದು ದಿನವಿದೆ,” ಎಂದರು.

ತಾಲೀಮು ಶುಕ್ರವಾರ ಸಂಜೆ, ಕಾರ್ಯಕ್ರಮ ಭಾನುವಾರ. ನಾನು ಕಚೇರಿಯಿಂದ ನೇರವಾಗಿ, ಲೋಕಲ್ ಗಾಡಿಯಲ್ಲಿ ನಜ್ಜುಗುಜ್ಜಾದ ಅಂಗಿಯಲ್ಲೇ ಸಭಾಗೃಹಕ್ಕೆ ಹೋದೆ. ಮೊದಲ ಅರ್ಧ ಗಂಟೆ ನಾನು ತೆಗೆದ ಚಿತ್ರಗಳೆಲ್ಲ ವ್ಯರ್ಥವಾದವು. ರಂಗದ ಹಿಂದೆ ಕಪ್ಪು ಪರದೆ ಇತ್ತು. ಮೊಬೈಲು ಆ ಕತ್ತಲೆಯನ್ನೆಲ್ಲ ಲೆಕ್ಕಕ್ಕೆ ಹಿಡಿದು ಚಿತ್ರವನ್ನು ತಾನಾಗಿಯೇ ಬೆಳಗಿಸುತ್ತದೆ. ಆಗ ಮುಖಗಳು ಸುಣ್ಣ ಬಳಿದಂತಾಗುತ್ತವೆ. ಪರದೆಯ ಮೇಲೆ ಮುಖವಿರುವ ಜಾಗವನ್ನು ಬೆರಳಿನಿಂದ ಒತ್ತಿದರೆ ಆ ಮುಖಕ್ಕೆ ತಕ್ಕ ಬೆಳಕನ್ನು ಅದು ಹಿಡಿಯುತ್ತದೆ ಎಂದು ಪಕ್ಕದಲ್ಲಿದ್ದ ಒಬ್ಬ ಹುಡುಗ ತೋರಿಸಿಕೊಟ್ಟ. ಫ್ಲ್ಯಾಶನ್ನೂ ಆರಿಸಿದ, ಚರ್ಮವನ್ನು ನಯಮಾಡಿ ತೋರಿಸುವ ‘ಬ್ಯೂಟಿ’ ಎಂಬುದನ್ನೂ ಆರಿಸಿದ. ಪರೀಕ್ಷೆಗೆಂದು ತೆಗೆಯುವ ಚಿತ್ರದಲ್ಲಿ ಕ್ಯಾಮರಾವೇ ಅಲಂಕಾರ ಮಾಡಿಬಿಟ್ಟರೆ ಬಣ್ಣದವನ ತಪ್ಪು ನಮಗೆ ಕಾಣುವುದೆಲ್ಲಿಂದ?

ರಾತ್ರಿ ಊಟವಾದ ಮೇಲೆ ಚಿತ್ರಗಳನ್ನು ಹರಡಿಕೊಂಡು ಕೂತೆ. ಎಲ್ಲರಂತೆ ನಾನೂ ಮೊದಲು ಮಾಡಿದ್ದು ಎರಡು ಬೆರಳುಗಳಿಂದ ಮುಖವನ್ನು ಹಿಗ್ಗಿಸಿ ನೋಡುವುದು. ಕಣ್ಣಿನ ಕಾಡಿಗೆ ಬಲು ದಪ್ಪವಾಯಿತು, ಹುಬ್ಬು ಇದ್ದಲಿನಿಂದ ಗೀಚಿದಂತಿದೆ, ಎಂದು ಮನೆಯಾಕೆ ಮುಖ ಸಿಂಡರಿಸಿದಳು. ಆದರೆ ಮುಖವನ್ನು ಅಷ್ಟು ದೊಡ್ಡದಾಗಿ ನೋಡುವ ಪ್ರೇಕ್ಷಕನು ಸಭೆಯಲ್ಲಿ ಎಲ್ಲಿ ಕೂತಿರುತ್ತಾನೆ? ಅವನು ರಂಗದ ಮೇಲೆಯೇ ಕೂರಬೇಕು!

ಗುಮಾಸ್ತನ ಬುದ್ಧಿ ಲೆಕ್ಕಕ್ಕೆ ಓಡಿತು. ಹತ್ತು ವರ್ಷದ ಹುಡುಗಿಯ ತಲೆ ಗಲ್ಲದಿಂದ ನೆತ್ತಿಯವರೆಗೆ ಸುಮಾರು 20 ಸೆಂಟಿಮೀಟರು. ನಮ್ಮ ಸಭಾಗೃಹದ ಕೊನೆಯ ಸಾಲು ರಂಗದಿಂದ ಸುಮಾರು 20 ಮೀಟರು. ಅಂದರೆ ದೂರದ ನೂರರಲ್ಲಿ ಒಂದು ಪಾಲು. ಮೊಬೈಲನ್ನು ನಾನು ಕಣ್ಣಿನಿಂದ 40 ಸೆಂಟಿಮೀಟರು ದೂರ ಹಿಡಿದರೆ ಅದರ ನೂರರಲ್ಲಿ ಒಂದು ಪಾಲು 4 ಮಿಲಿಮೀಟರು. ಪರದೆಯ ಮೇಲೆ ತಲೆ 4 ಮಿಲಿಮೀಟರು, ಎಂದರೆ ಒಂದು ಉದ್ದಿನಕಾಳಿನಷ್ಟು, ಇರುವಂತೆ ಚಿತ್ರವನ್ನು ಕುಗ್ಗಿಸಿದರೆ ನಾನು ಕೊನೆಯ ಸಾಲಿನಲ್ಲಿ ಕೂತಂತೆಯೇ. 16 ಮಿಲಿಮೀಟರಿಗೆ ಹಿಗ್ಗಿಸಿದರೆ ಐದು ಮೀಟರು ದೂರದ ಮುಂದಿನ ಸಾಲಿನಲ್ಲಿ, ಅಧ್ಯಕ್ಷರ ಪಕ್ಕದಲ್ಲಿ ಕೂತಂತೆ. ಇವೆರಡು ಅಳತೆಗಳ ಆಚೆಗೆ ಹಿಗ್ಗಿಸಿ ನೋಡುವುದೆಲ್ಲ ಸುಮ್ಮನೆ ಮನಸ್ಸು ಕೆಡಿಸಿಕೊಳ್ಳುವುದು.

ಉದ್ದಿನಕಾಳಿನ ಅಳತೆಗೆ ತಂದಾಗ ದಪ್ಪವೆನಿಸಿದ ಕಾಡಿಗೆ ಸರಿಯಾಗಿಯೇ ಕಂಡಿತು. ಕಾಡಿಗೆ ತೆಳ್ಳಗಿದ್ದ ಇಬ್ಬರು ಹುಡುಗಿಯರಿಗೆ ಕಣ್ಣುಗಳೇ ಇರಲಿಲ್ಲ, ಎರಡು ಮಸುಕು ಚುಕ್ಕೆಗಳು ಮಾತ್ರ. ಒಬ್ಬಳಿಗೆ ಕೆಳರೆಪ್ಪೆಯ ಗೆರೆಯನ್ನೂ ಮೇಲ್ರೆಪ್ಪೆಯ ಗೆರೆಯನ್ನೂ ಕಣ್ಣಿನ ಕೊನೆಯಲ್ಲಿ ಕೂಡಿಸಿಬಿಟ್ಟಿದ್ದರು. ದೂರದಿಂದ ಕಣ್ಣು ಮುಚ್ಚಿದಂತೆ ತೋರಿತು. ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟಾದರೂ ತೆರವು ಬಿಟ್ಟರೆ ಕಣ್ಣು ಉದ್ದವಾಗಿ, ತೆರೆದು ಕಾಣುತ್ತದೆ. ಇದನ್ನೆಲ್ಲ ಕಚೇರಿಯ ಟಿಪ್ಪಣಿಯಂತೆ ಕಾಗದದಲ್ಲಿ ಗುರುತು ಹಾಕಿಕೊಂಡೆ.

ಆಗ ಮಗಳು ನಿದ್ದೆಗಣ್ಣಿನಲ್ಲಿ ಬಂದು ಹೆಗಲ ಮೇಲಿಂದ ಇಣುಕಿದಳು.

“ಅಪ್ಪಾ, ನಾನು ಬೂದಿ ಬಳಿದುಕೊಂಡ ಹಾಗಿದ್ದೇನೆ.”

ನಾನು ಏನಾದರೂ ಹೇಳುವ ಮೊದಲೇ ಮತ್ತೊಂದು ಮಾತು ಬಂತು: “ಟೀಚರಿಗೆ ಹೇಳಿ ನನ್ನನ್ನು ಹಿಂದಿನ ಸಾಲಿಗೆ ಹಾಕಿಸ್ತೀಯಾ?”

ನಮ್ಮ ಮಗಳದು ನನ್ನ ತಾಯಿಯ ಬಣ್ಣ, ಕುಮಟೆಯ ಕಡಲ ಬಿಸಿಲಿನಲ್ಲಿ ಪಕ್ವವಾದ ಎಣ್ಣೆಗಪ್ಪು. ಉಳಿದ ಹುಡುಗಿಯರು ಒಬ್ಬರಿಗಿಂತ ಒಬ್ಬರು ತಿಳಿ. ಮನೆಯಾಕೆ ಅವಳನ್ನು ಮಲಗಿಸಲು ಕರೆದುಕೊಂಡು ಹೋದಳು. ಹೋಗುತ್ತ, “ಕ್ಯಾಮರಾದ ತಪ್ಪು ಮಗೂ, ಅಪ್ಪನಿಗೆ ಫೋಟೋ ತೆಗೆಯಲು ಬರುವುದಿಲ್ಲ,” ಎಂದು ಸಮಾಧಾನ ಹೇಳಿದಳು. ನನ್ನ ಮಾನ ಹೋದರೂ ಚಿಂತೆಯಿರಲಿಲ್ಲ. ಆದರೆ ತಪ್ಪು ನಿಜವಾಗಿ ಕ್ಯಾಮರಾದ್ದೋ, ದೀಪದ್ದೋ, ಬಣ್ಣದ್ದೋ? ಅದು ತಿಳಿಯದೆ ಬಣ್ಣದವರ ಮೇಲೆ ದೂರು ಹೇಳುವಂತಿರಲಿಲ್ಲ.

ಇದಕ್ಕೆ ಉತ್ತರ ಕೊಟ್ಟದ್ದು ಒಂದು ಕರವಸ್ತ್ರ. ನಟ್ಟುವಾಂಗಕ್ಕೆ ಕುಳಿತಿದ್ದ ಟೀಚರಮ್ಮನವರು ಬೆವರು ಒರೆಸಿಕೊಳ್ಳಲು ಬಿಳಿಯ ಕರವಸ್ತ್ರವೊಂದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ನನ್ನ ಮಗಳು ಅವರ ಹತ್ತಿರವೇ, ಅದೇ ದೀಪದ ಕೆಳಗೆ ನಿಂತಿದ್ದ ಒಂದು ಚಿತ್ರ ಸಿಕ್ಕಿತು. ದೀಪವೋ ಕ್ಯಾಮರಾವೋ ಬಣ್ಣ ಕೆಡಿಸಿದ್ದರೆ ಬಿಳಿಯ ಬಟ್ಟೆಯೂ ನೀಲಿಯಾಗಿಯೋ ಬೂದಿಯಾಗಿಯೋ ಕಾಣಬೇಕು. ಬಟ್ಟೆ ಶುದ್ಧ ಬಿಳಿಯಾಗಿತ್ತು. ಅದೇ ಚಿತ್ರದಲ್ಲಿ ಅವಳ ಕೊರಳೂ ತೋಳೂ ತಮ್ಮ ನಿಜವಾದ ಬಣ್ಣದಲ್ಲಿದ್ದವು. ಮುಖವೊಂದೇ ಬೂದಿ, ದವಡೆಯ ಅಂಚಿನಲ್ಲಿ ಮುಖವಾಡದ ಗಡಿಯಂತೆ ಒಂದು ಗೆರೆ. ಆದ್ದರಿಂದ ತಪ್ಪು ಬಣ್ಣದ್ದೇ.

ಕಾರಣವೂ ಸರಳವೇ. ತಿಳಿಬಣ್ಣದ ಲೇಪದಲ್ಲಿ ಬಿಳಿಯ ಪುಡಿ ಹೆಚ್ಚು ಬೆರೆತಿರುತ್ತದೆ. ಅದನ್ನು ಕಪ್ಪು ಚರ್ಮದ ಮೇಲೆ ತೆಳ್ಳಗೆ ಹಚ್ಚಿದರೆ ಕೆಳಗಿನ ಕಪ್ಪು, ಮೇಲಿನ ಬಿಳಿ ಎರಡೂ ಸೇರಿ ಬೂದಿಯಾಗುತ್ತದೆ. ಅದರ ಮೇಲೆ ಬಿಳಿಯ ಪೌಡರು ಒತ್ತಿದರೆ ಇನ್ನಷ್ಟು. ಎಂಟು ಹುಡುಗಿಯರಿಗೂ ಒಂದೇ ಡಬ್ಬಿಯಿಂದ ಹಚ್ಚಿದ್ದರು.

ಶನಿವಾರ ಬಣ್ಣದವರನ್ನು ಕಂಡೆ. ಹಿರಿಯರು, ಕೆಲಸದಲ್ಲಿ ಪಳಗಿದವರು. “ಸಾಹೇಬರೇ, ಸ್ಟೇಜಿಗೆ ಬೆಳ್ಳಗೇ ಕಾಣಬೇಕು, ಇಲ್ಲದಿದ್ದರೆ ಮುಖ ಎದ್ದು ಬರುವುದಿಲ್ಲ,” ಎಂದರು. ನಾನು ವಾದಿಸಲಿಲ್ಲ, ಉದ್ದಿನಕಾಳಿನ ಅಳತೆಯ ಚಿತ್ರವನ್ನು ಅವರ ಕೈಗೆ ಕೊಟ್ಟೆ. ಅತ್ಯಂತ ಬೆಳ್ಳಗೆ ಹಚ್ಚಿದ್ದ ಮುಖಗಳಲ್ಲಿ ಮೂಗೇ ಕಾಣುತ್ತಿರಲಿಲ್ಲ. ದೀಪದ ಬೆಳಕನ್ನೆಲ್ಲ ಹಿಂದಕ್ಕೆ ಎಸೆದು ಅವು ತಟ್ಟೆಯಂತೆ ಚಪ್ಪಟೆಯಾಗಿದ್ದವು. ಕಣ್ಣು, ಹುಬ್ಬು, ತುಟಿಯ ಗೆರೆ ಬಲವಾಗಿದ್ದ ಮುಖಗಳೇ ಎದ್ದು ಬಂದಿದ್ದವು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕರವಸ್ತ್ರದ ಚಿತ್ರವನ್ನೂ ನೋಡಿದರು.

“ಹುಡುಗಿಯನ್ನು ಕರೆಯಿರಿ,” ಎಂದರು.

ಅವಳ ಮುಂಗೈಯನ್ನು ನೋಡದೆ ದವಡೆಯ ಅಂಚಿನಲ್ಲಿ ಮೂರು ಬಣ್ಣಗಳ ಗೀರು ಎಳೆದರು. ಕೊರಳಿನೊಂದಿಗೆ ಕರಗಿ ಮಾಯವಾದ ಗೀರೇ ಅವಳ ಬಣ್ಣ. ಅದು ಗಾಢ ಕಂದು, ಒಳಗೆ ತುಸು ಕಿತ್ತಳೆಯ ಛಾಯೆ. ಅದನ್ನು ಮುಖಕ್ಕೂ ಕಿವಿಗೂ ಕೊರಳಿಗೂ ಹಚ್ಚಿ, ಬಿಳಿಯ ಪೌಡರಿನ ಬದಲು ಹಳದಿ ಮಿಶ್ರಿತ ಪೌಡರನ್ನು ಒತ್ತಿದರು. ನಾನು ಕಿಟಕಿಯ ಬೆಳಕಿನಲ್ಲಿ, ಅವಳ ಕೈಗೆ ಬಿಳಿಯ ಕರವಸ್ತ್ರ ಕೊಟ್ಟು, ಇನ್ನೊಂದು ಚಿತ್ರ ತೆಗೆದೆ. ದವಡೆಯ ಗೆರೆ ಇರಲಿಲ್ಲ.

ಉಡುಪಿನ ವಿಷಯದಲ್ಲಿ ಚಿತ್ರಗಳು ಬೇರೆ ಬಗೆಯಲ್ಲಿ ಉಪಕಾರ ಮಾಡಿದವು. ನೆಟ್ಟಗೆ ನಿಂತು ನಗುವ ಚಿತ್ರ ಇಲ್ಲಿ ಏನೇನೂ ಪ್ರಯೋಜನವಿಲ್ಲ. ಭರತನಾಟ್ಯದ ಉಡುಪಿನ ಮುಂದಿನ ಬೀಸಣಿಗೆ ನಿಂತಾಗ ಮುಚ್ಚಿಕೊಂಡಿರುತ್ತದೆ; ಮೊಣಕಾಲನ್ನು ಬದಿಗೆ ಬಾಗಿಸಿ ಅರೆಮಂಡಿಯಲ್ಲಿ ಕೂತಾಗಲೇ ಬಿಚ್ಚಿಕೊಳ್ಳುವುದು. ಆ ಚಿತ್ರದಲ್ಲಿ ಇಬ್ಬರು ಎತ್ತರದ ಹುಡುಗಿಯರ ಬಾಡಿಗೆಯ ಉಡುಪುಗಳು ಬಿಗಿದು, ಪಾಯಿಜಾಮದ ಅಂಚು ಗೆಜ್ಜೆಯಿಂದ ನಾಲ್ಕು ಬೆರಳು ಮೇಲೇರಿತ್ತು. ಒಳಗೆ ಮಡಚಿ ಹೊಲಿದಿದ್ದ ಬಟ್ಟೆಯನ್ನು ಬಿಚ್ಚಿ ಇಳಿಸಿದ್ದರಿಂದ ಸಾಲು ಸರಿಹೋಯಿತು. ಇನ್ನೊಂದು, ಮೊದಲ ಪುಷ್ಪಾಂಜಲಿಯ ಚಿತ್ರವನ್ನೂ ಕೊನೆಯ ದೇವರನಾಮದ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಅಷ್ಟು ಹೊತ್ತಿನ ಕುಣಿತದಲ್ಲಿ ಮೂವರ ಡಾಬು ಎರಡು ಬೆರಳು ಮೇಲಕ್ಕೆ ಸರಿದಿತ್ತು, ಒಬ್ಬಳ ಬೈತಲೆಬೊಟ್ಟು ಹುಬ್ಬಿನ ಮೇಲೆ ವಾಲಿತ್ತು. ಒಂದೇ ಚಿತ್ರ ನೋಡಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಎರಡಕ್ಕೂ ಮದ್ದು ಪಿನ್ನು.

ಒಂದು ಕಡೆ ಮಾತ್ರ ಚಿತ್ರಗಳು ನನ್ನನ್ನು ಮೋಸಗೊಳಿಸಿದವು. ದೇವರನಾಮದ ನಡುವೆ ಬರೀ ಕೆಂಪು ದೀಪ ಬೀಳುತ್ತದೆ. ಆ ಚಿತ್ರಗಳಲ್ಲಿ ಮುಖಗಳು ಕಣ್ಣುಮೂಗಿಲ್ಲದ ಕೆಂಪು ಮುದ್ದೆಗಳು. ಈಗಿನ ಎಲ್‌ಇಡಿ ದೀಪದ ಅಪ್ಪಟ ಕೆಂಪನ್ನು ಕ್ಯಾಮರಾ ಅಳೆಯಲಾರದೆ ಉಕ್ಕಿಸಿಬಿಡುತ್ತದೆ. ಬಣ್ಣವನ್ನೆಲ್ಲ ಬದಲಿಸಬೇಕೇನೋ ಎಂದು ಗಾಬರಿಯಾಗಿ, ಭಾನುವಾರ ಬೆಳಿಗ್ಗೆ ದೀಪ ಹಾಕಿಸಿ ಬರಿಗಣ್ಣಿನಿಂದ ನೋಡಿದೆ. ಕಣ್ಣಿನ ಕಪ್ಪು ಗೆರೆಗಳು ಚೆನ್ನಾಗಿಯೇ ಇದ್ದವು. ಆದರೆ ತುಟಿಯ ಕೆಂಪು, ಅಂಗೈಯ ಅಲತಿಗೆ ಎರಡೂ ಕಾಣಲಿಲ್ಲ. ಕೆಂಪು ಬೆಳಕಿನಲ್ಲಿ ಕೆಂಪಿಗೂ ತಿಳಿಬಣ್ಣಕ್ಕೂ ಭೇದ ಉಳಿಯುವುದಿಲ್ಲ. ಹಸ್ತಗಳ ಅಭಿನಯವೇ ಅಲ್ಲಿ ಮುಖ್ಯವಾದ್ದರಿಂದ ದೀಪದವರು ಮುಂದಿನಿಂದ ಸ್ವಲ್ಪ ಬಿಳಿಯ ಬೆಳಕು ಬೆರೆಸಿಕೊಟ್ಟರು.

ಭಾನುವಾರ ಸಂಜೆ ನಾನು ಕೊನೆಯ ಸಾಲಿನಲ್ಲಿ ಹೋಗಿ ಕೂತೆ. ಕಾರ್ಯದರ್ಶಿಗಳು ಮುಂದೆ ಬನ್ನಿ ಎಂದು ಕರೆದರೂ ಹೋಗಲಿಲ್ಲ. ಎಂಟು ಉದ್ದಿನಕಾಳುಗಳು ರಂಗಕ್ಕೆ ಬಂದವು. ಮುಂದಿನ ಸಾಲಿನ ಎಡಗಡೆಯಲ್ಲಿ ನನ್ನ ಮಗಳು ಇದ್ದಳು. ಅಷ್ಟು ದೂರದಿಂದಲೂ ಅವಳ ಮುಖ ಅವಳದೇ ಮುಖವಾಗಿತ್ತು. ನನ್ನ ತಾಯಿಯ ಮುಖವೂ ಆಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಅವಳು ಓಡಿಬಂದು, ಕೇಳದೆಯೇ, ನನ್ನ ಕಿಸೆಯಿಂದ ಕರವಸ್ತ್ರ ಎಳೆದುಕೊಂಡು ಮುಖ ಒರೆಸಿಕೊಂಡಳು. ಆ ಕಂದು ಬಣ್ಣ ಎಷ್ಟು ಒಗೆದರೂ ಇನ್ನೂ ಹೋಗಿಲ್ಲ. ಕಚೇರಿಗೆ ಅದನ್ನೇ ಒಯ್ಯುತ್ತೇನೆ.