ಹದಿನಾರು ವರ್ಷದಲ್ಲಿ ಹದಿನಾಲ್ಕು ತಿಂಗಳು

2008ರ ಆರಂಭದಲ್ಲಿ ನಮ್ಮವರು ರಿಯಾದಿಗೆ ಹೋದಾಗ ಮಗಳಿಗೆ ಎಂಟು ತಿಂಗಳು. ಸೊರಬದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದವರು ಅಲ್ಲಿ ಒಂದು ಮನೆಯ ಚಾಲಕರಾದರು. ಎರಡು ವರ್ಷದ ಕರಾರು, ಅದು ಮುಗಿದ ಮೇಲೆ ಎರಡು ತಿಂಗಳ ರಜೆ. 2010ರಿಂದ 2024ರವರೆಗೆ ಅವರು ಏಳು ಸಲ ಬಂದಿದ್ದಾರೆ. ಏಳು ಎರಡಲೆ ಹದಿನಾಲ್ಕು. ಹದಿನಾರು ವರ್ಷದಲ್ಲಿ ಮಗಳಿಗೆ ಅಬ್ಬಾ ಸಿಕ್ಕಿದ್ದು ಹದಿನಾಲ್ಕೇ ತಿಂಗಳು.

ಆ ಹದಿನಾಲ್ಕು ತಿಂಗಳೂ ಪೂರ್ತಿಯಾಗಿ ಸಿಗಲಿಲ್ಲ. ರಜೆ ಯಾವಾಗ ಎಂದು ನಿರ್ಧರಿಸುವವನು ಕಫೀಲ್. ರಮಝಾನಿನಲ್ಲಿ ರಾತ್ರಿಯೆಲ್ಲಾ ಓಡಾಟ ಇರುವುದರಿಂದ ಆಗ ಚಾಲಕನನ್ನು ಬಿಡುವುದಿಲ್ಲ. ಬೇಸಗೆಯಲ್ಲಿ ಅವರ ಕುಟುಂಬ ವಿದೇಶ ಪ್ರವಾಸಕ್ಕೆ ಹೋದಾಗ ಇವರಿಗೆ ಬಿಡುವು. ಅವರ ಬೇಸಗೆ ಎಂದರೆ ನಮ್ಮ ಜುಲೈ, ಆಗಸ್ಟ್. ಹೊರಗೆ ಬಿಡದೆ ಸುರಿಯುವ ಮಳೆ, ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಶಾಲೆಯಲ್ಲಿ. ನಾನೂ ಮದ್ರಸಕ್ಕೆ ಹೋಗಬೇಕು. ಊರಿಗೆ ಬಂದ ಅಬ್ಬಾ ಖಾಲಿ ಮನೆಯಲ್ಲಿ ಕಿಟಕಿಯ ಪಕ್ಕ ಕುಳಿತು ಗಂಟೆ ನಾಲ್ಕೂವರೆ ಆಗುವುದನ್ನೇ ಕಾಯುತ್ತಿದ್ದರು.

"ನೀವೂ ಅಲ್ಲಿಗೇ ಹೋಗಬಹುದಲ್ಲಾ?" ಎಂದು ಕೇಳುವವರಿದ್ದಾರೆ. ಇಕಾಮಾದಲ್ಲಿ ಮನೆ ಚಾಲಕ ಎಂದು ಬರೆದಿರುವವರಿಗೆ ಕುಟುಂಬ ವೀಸಾ ಸಾಮಾನ್ಯವಾಗಿ ಸಿಗುವುದಿಲ್ಲ. ಅದು ಸಿಕ್ಕಿದ ನಮ್ಮ ಸಂಬಂಧಿಕರೊಬ್ಬರ ಕತೆ ಬೇರೆ. ಸೌದಿ ಸರಕಾರ 2017ರ ಜುಲೈಯಲ್ಲಿ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ ನೂರು ರಿಯಾಲ್ ಶುಲ್ಕ ಹಾಕಿತು. ಪ್ರತಿವರ್ಷ ನೂರರಂತೆ ಏರಿ 2020ಕ್ಕೆ ಅದು ನಾನೂರಾಯಿತು. ಹೆಂಡತಿ ಮತ್ತು ಎರಡು ಮಕ್ಕಳಿಗೆ ತಿಂಗಳಿಗೆ ಸಾವಿರದ ಇನ್ನೂರು ರಿಯಾಲ್. ಅವರು ಮಡದಿ ಮಕ್ಕಳನ್ನು ಊರಿಗೆ ಕಳುಹಿಸಿ ತಾವು ಬ್ಯಾಚುಲರ್ ಕೋಣೆ ಸೇರಿದರು.

ಮಗ ಹುಟ್ಟಿದ್ದು 2013ರಲ್ಲಿ. ಅವನನ್ನು ಅಬ್ಬಾ ಮೊದಲು ನೋಡಿದ್ದು 2014ರ ರಜೆಯಲ್ಲಿ, ಅವನು ನಡೆಯಲು ಕಲಿತ ಮೇಲೆ. ಅವನಿಗೆ ಅಬ್ಬಾ ಎಂದರೆ ನನ್ನ ಮೊಬೈಲ್. ಎದುರಿಗೆ ನಿಂತ ಗಡ್ಡದ ಮನುಷ್ಯನನ್ನು ಕಂಡು ನನ್ನ ದುಪಟ್ಟಾದೊಳಗೆ ಮುಖ ಹುದುಗಿಸಿದ. ಅವರ ತೊಡೆಯೇರಲು ಮೂರು ವಾರ ಹಿಡಿಯಿತು, ಇನ್ನೈದು ವಾರದಲ್ಲಿ ಅವರು ಹೊರಟರು. ತಂದ ಬೂಟುಗಳಂತೂ ಯಾವಾಗಲೂ ಚಿಕ್ಕವು. ಅವರ ಕಣ್ಣಿನಲ್ಲಿ ಉಳಿಯುತ್ತಿದ್ದುದು ಕಳೆದ ರಜೆಯ ಕಾಲು. ಆಮೇಲೆ ನಾನು ಮಕ್ಕಳ ಪಾದವನ್ನು ಹಾಳೆಯ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು, ಶಿರಾಳಕೊಪ್ಪದಿಂದ ಹೋಗುವವರ ಕೈಯಲ್ಲಿ ಕಳುಹಿಸತೊಡಗಿದೆ. ಆ ಹಾಳೆಗಳನ್ನು ಅವರು ಎಸೆದಿಲ್ಲವಂತೆ. ಒಂದರ ಮೇಲೊಂದು ಇಟ್ಟು ನೋಡುತ್ತಾರಂತೆ.

2020ರಲ್ಲಿ ಬರಬೇಕಿತ್ತು. ಮಾರ್ಚಿನಲ್ಲಿ ವಿಮಾನಗಳು ನಿಂತವು. ಮೇ ತಿಂಗಳಿನಿಂದ ವಂದೇ ಭಾರತ್ ವಿಮಾನಗಳು ಜನರನ್ನು ಕರೆತಂದವು ನಿಜ, ಆದರೆ ಬಂದವರಿಗೆ ಮರಳುವ ದಾರಿ ಖಚಿತವಿರಲಿಲ್ಲ. ಭಾರತದಿಂದ ನೇರವಾಗಿ ಸೌದಿಗೆ ಹೋಗಲು ಎಲ್ಲರಿಗೂ ಅವಕಾಶ ಸಿಕ್ಕಿದ್ದು 2021ರ ಡಿಸೆಂಬರ್ 1ರಿಂದ. ಅದೇ ವರ್ಷ ಮಾರ್ಚಿನಲ್ಲಿ ಕಫೀಲನ ಒಪ್ಪಿಗೆಯಿಲ್ಲದೆ ಎಕ್ಸಿಟ್ ರೀ-ಎಂಟ್ರಿ ಪಡೆಯುವ ಸೌಲಭ್ಯ ಬಂತು. ಮನೆ ಚಾಲಕರನ್ನು ಅದರಿಂದ ಹೊರಗಿಟ್ಟಿದ್ದರು. ಹೀಗೆ 2018ರಲ್ಲಿ ಹೋದವರು ಬಂದದ್ದು 2022ರಲ್ಲಿ. ಹತ್ತು ವರ್ಷದ ಮಗಳನ್ನು ಬಿಟ್ಟು ಹೋಗಿದ್ದರು. ಬಾಗಿಲು ತೆರೆದವಳು ಹದಿನಾಲ್ಕರ ಹುಡುಗಿ. ಸಲಾಂ ಹೇಳಿದಳು, ನೀರು ತಂದಿಟ್ಟಳು, ತಲೆಯ ಮೇಲಿನ ದುಪಟ್ಟಾ ಸರಿಪಡಿಸಿಕೊಂಡು ಒಳಗೆ ಹೋದಳು. ಅತಿಥಿಗೆ ಮಾಡುವಂತೆ. ಆ ರಾತ್ರಿ ಅವರು ಊಟ ಮಾಡಲಿಲ್ಲ.

ಖಲೀಫಾ ಉಮರ್(ರ)ರವರ ಘಟನೆ ನಮಗೆಲ್ಲಾ ಗೊತ್ತು. ಯುದ್ಧಕ್ಕೆ ಹೋದ ಪತಿಯ ಅಗಲಿಕೆಯಲ್ಲಿ ಹೆಣ್ಣೊಬ್ಬಳು ರಾತ್ರಿ ನೊಂದುಕೊಳ್ಳುವುದನ್ನು ಕೇಳಿಸಿಕೊಂಡ ಅವರು, ಪತ್ನಿ ಎಷ್ಟು ಕಾಲ ತಾಳಬಲ್ಲಳು ಎಂದು ಮಗಳು ಹಫ್ಸಾ(ರ)ರನ್ನು ಕೇಳಿದರು. ನಾಲ್ಕು ತಿಂಗಳು ಎಂದೂ, ಕೆಲವು ವರದಿಗಳಲ್ಲಿ ಆರು ತಿಂಗಳು ಎಂದೂ ಇದೆ. ಸೈನಿಕರನ್ನು ಅದಕ್ಕಿಂತ ಹೆಚ್ಚು ಕಾಲ ದೂರವಿಡಬಾರದೆಂದು ಆಜ್ಞೆಯಾಯಿತು. ಮದ್ರಸದಲ್ಲಿ ಈ ಪಾಠ ಮಾಡುವಾಗಲೆಲ್ಲಾ, ಮಗು ಎಷ್ಟು ಕಾಲ ತಾಳಬಲ್ಲದು ಎಂದು ನಮ್ಮ ಕಾಲದಲ್ಲಿ ಯಾರು ಯಾರನ್ನು ಕೇಳುತ್ತಾರೆ ಅನಿಸುತ್ತದೆ.

ಫೋನ್ ಇದೆಯಲ್ಲಾ ಎನ್ನುತ್ತಾರೆ. ರಿಯಾದ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ಮಕ್ಕಳು ಮಲಗುವ ಒಂಬತ್ತೂವರೆಗೆ ಅಲ್ಲಿ ಸಂಜೆ ಏಳು, ಮನೆಯವರನ್ನು ಅಂಗಡಿಗೆ ಕರೆದೊಯ್ಯುವ ಹೊತ್ತು. ಸಿಕ್ಕಿದ ಐದು ನಿಮಿಷದಲ್ಲಿ "ಓದಿದೆಯಾ? ನಮಾಝ್ ಆಯ್ತಾ?" "ಹೂಂ ಅಬ್ಬಾ." ಅಲ್ಲಿಗೆ ಮಾತು ಮುಗಿಯಿತು. ಗಲ್ಫಿನಲ್ಲಿ ತಂದೆಯಿರುವ ನನ್ನ ಎಷ್ಟೋ ವಿದ್ಯಾರ್ಥಿಗಳ ಮನೆಯಲ್ಲೂ ಇದೇ. ವಿಚಾರಿಸುವ ಅಬ್ಬಾನ ಫೋನ್ ಬಂದರೆ ಮಗು ಬಚ್ಚಲಿಗೆ ಓಡುತ್ತದೆ. ನಮ್ಮಲ್ಲಿ ಪ್ರಶ್ನೆ ನಿಲ್ಲಿಸಿ ಕೆಲಸ ಹಂಚಿಕೊಂಡ ಮೇಲೆ ಸ್ವಲ್ಪ ಬದಲಾಯಿತು. ಮಗ ಬಾಯಿಪಾಠ ಮಾಡಿದ ಆಯತ್‌ಗಳನ್ನು ರಾತ್ರಿ ವಾಟ್ಸಾಪಿನಲ್ಲಿ ಧ್ವನಿಮುದ್ರಿಸಿ ಕಳುಹಿಸುತ್ತಾನೆ. ಕಾರು ನಿಲ್ಲಿಸಿ ಕಾಯುವಾಗ ಅವರು ಕೇಳಿ ತಪ್ಪಿದಲ್ಲಿ ತಿದ್ದಿ, ಆ ದಿನ ದಾರಿಯಲ್ಲಿ ಕಂಡದ್ದನ್ನು ಹೇಳಿ ಕಳುಹಿಸುತ್ತಾರೆ. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಇವನು ಕೇಳುತ್ತಾನೆ. ಗಂಟೆ ಹೊಂದಿಸುವ ಗೊಡವೆಯಿಲ್ಲ.

ಮೊನ್ನೆ ಬಂದ ಉತ್ತರದಲ್ಲಿ ತಿದ್ದುಪಡಿ ಇರಲಿಲ್ಲ. "ಇದನ್ನು ಓದಿದ್ದು ಯಾರು? ಮಾಮೂನಾ?" ಎಂದು ಕೇಳಿದ್ದರು. ಮಗನ ಧ್ವನಿ ಒಡೆಯತೊಡಗಿದೆ.